ಸಣ್ಣ ಕಾರ್ಖಾನೆಯ ದುಡಿಯುವ ಬಂಡವಾಳ: ಬ್ಯಾಂಕಿನ ಮುಂದಿಡುವ ಲೆಕ್ಕ

ಸಣ್ಣ ತಯಾರಿಕಾ ಘಟಕ ಯಂತ್ರ ಕೊಳ್ಳಲು ತೆಗೆದುಕೊಳ್ಳುವ ಸಾಲ ಬೇರೆ, ದಿನನಿತ್ಯದ ಉತ್ಪಾದನೆ ನಡೆಸಲು ಪಡೆಯುವ ದುಡಿಯುವ ಬಂಡವಾಳದ ಸಾಲ ಬೇರೆ. ಮೊದಲನೆಯದನ್ನು ಕಂತುಗಳಲ್ಲಿ ತೀರಿಸಬೇಕು. ಎರಡನೆಯದು ಸಾಮಾನ್ಯವಾಗಿ ಕ್ಯಾಶ್ ಕ್ರೆಡಿಟ್ ಖಾತೆಯ ರೂಪದಲ್ಲಿರುತ್ತದೆ. ಮಾರಾಟದ ಹಣ ಬಂದಾಗ ಕಟ್ಟಿ, ಸರಕು ಕೊಳ್ಳುವಾಗ ಮತ್ತೆ ತೆಗೆಯಬಹುದು. ಇದರ ಅರ್ಜಿ ಎಷ್ಟು ಸಾಲ ಬೇಕೆಂಬುದರಿಂದ ಶುರುವಾಗಬಾರದು. ಹಾಕಿದ ರೂಪಾಯಿ ಎಷ್ಟು ದಿನಕ್ಕೆ ಕೈಗೆ ಮರಳುತ್ತದೆ ಎಂಬುದರಿಂದ ಶುರುವಾಗಬೇಕು.

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಮುಂದಿನ ವರ್ಷ ತಿಂಗಳಿಗೆ 12 ಲಕ್ಷ, ಅಂದರೆ ವರ್ಷಕ್ಕೆ 1.44 ಕೋಟಿ ರೂಪಾಯಿ ವಹಿವಾಟು ಅದರ ಅಂದಾಜು. ಉಕ್ಕಿನ ಸರಳುಗಳು ಒಂದು ತಿಂಗಳ ಕಾಲ ಗೋದಾಮಿನಲ್ಲಿರುತ್ತವೆ. ಅವುಗಳ ಬೆಲೆ 6 ಲಕ್ಷ. ಲೇತಿನ ಮೇಲೂ ತಪಾಸಣೆಯ ಮೇಜಿನ ಮೇಲೂ ಇರುವ ಅರೆಸಿದ್ಧ ಮಾಲಿಗೆ ಕೂಲಿ, ವಿದ್ಯುತ್ ಸೇರಿ 4.8 ಲಕ್ಷ ತಗಲಿರುತ್ತದೆ. ಬಿಲ್ಲಿನ ಹಣ ಬರಲು ಎರಡು ತಿಂಗಳು ಬೇಕು, ಆದ್ದರಿಂದ ಗಿರಾಕಿಗಳ ಬಳಿ ಸದಾ 24 ಲಕ್ಷ ಬಾಕಿ. ಒಟ್ಟು 34.8 ಲಕ್ಷ. ಉಕ್ಕಿನ ವ್ಯಾಪಾರಿ ಕೊಡುವ ಹದಿನೈದು ದಿನದ ಉದ್ದರಿ 3 ಲಕ್ಷ ಕಳೆದರೆ 31.8 ಲಕ್ಷ ಉಳಿಯುತ್ತದೆ. ಘಟಕಕ್ಕೆ ನಿಜವಾಗಿ ಬೇಕಾದ ದುಡಿಯುವ ಬಂಡವಾಳ ಇದು. ಇದರಲ್ಲಿ ಮುಕ್ಕಾಲು ಪಾಲು ಗಿರಾಕಿಗಳ ಕೈಯಲ್ಲೇ ಇದೆ ಎಂಬುದನ್ನು ಗಮನಿಸಬೇಕು.

ಬ್ಯಾಂಕುಗಳು ಸಣ್ಣ ಘಟಕಗಳಿಗೆ ಇನ್ನೂ ಸರಳವಾದ ಲೆಕ್ಕ ಬಳಸುತ್ತವೆ. ಪಿ.ಆರ್. ನಾಯಕ್ ಸಮಿತಿ 1992ರಲ್ಲಿ ಕೊಟ್ಟ ವರದಿಯಿಂದ ಬಂದ ವಹಿವಾಟು ಪದ್ಧತಿ ಅದು. ಅಂದಾಜು ವಾರ್ಷಿಕ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಅದು ಭಾವಿಸುತ್ತದೆ. ಅದರಲ್ಲಿ ವಹಿವಾಟಿನ ಶೇ. 20ನ್ನು ಬ್ಯಾಂಕ್, ಶೇ. 5ನ್ನು ಮಾಲೀಕ ಹಾಕಬೇಕು. ಇದರ ಪ್ರಕಾರ ಈ ಘಟಕಕ್ಕೆ ಮಿತಿ 28.8 ಲಕ್ಷ, ಮಾಲೀಕನ ಪಾಲು 7.2 ಲಕ್ಷ. ಶೇ. 25 ಎಂದರೆ ಮೂರು ತಿಂಗಳ ಮಾರಾಟ. ಹಾಗಾಗಿ ಹಣದ ಸುತ್ತು ಮೂರು ತಿಂಗಳಿಗಿಂತ ಉದ್ದವಿರುವ ಘಟಕ ತನ್ನ ಸುತ್ತಿನ ಲೆಕ್ಕವನ್ನೇ ಮುಂದಿಟ್ಟು ಹೆಚ್ಚಿನದನ್ನು ಕೇಳಬೇಕಾಗುತ್ತದೆ.

ಮಂಜೂರಾದ ಮಿತಿಯಷ್ಟೂ ತೆಗೆಯಬಹುದೆಂಬುದು ಹಲವರ ತಪ್ಪು ಎಣಿಕೆ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಆಧಾರದ ಮೇಲೆ ಬ್ಯಾಂಕು ಡ್ರಾಯಿಂಗ್ ಪವರ್ ಲೆಕ್ಕ ಹಾಕುತ್ತದೆ. ಹಣ ಕೊಟ್ಟಿರದ ಸರಕನ್ನು ಕಳೆದು, ಉಳಿದ ಸರಕು ಮತ್ತು ಬಾಕಿ ಬಿಲ್ಲುಗಳ ಮೇಲೆ ಮಾರ್ಜಿನ್ ಹಿಡಿಯುತ್ತದೆ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಇಲ್ಲಿ ಎರಡಕ್ಕೂ ಶೇ. 25 ಎಂದಿಟ್ಟುಕೊಳ್ಳೋಣ. 10.8 ಲಕ್ಷದ ಸರಕಿನಲ್ಲಿ ಉದ್ದರಿಯ 3 ಲಕ್ಷ ಕಳೆದು, ಮಾರ್ಜಿನ್ ಹಿಡಿದರೆ 5.85 ಲಕ್ಷ. ಬಾಕಿ ಬಿಲ್ಲುಗಳ ಮೇಲೆ 18 ಲಕ್ಷ. ಒಟ್ಟು 23.85 ಲಕ್ಷ. ಮಿತಿ 28.8 ಲಕ್ಷವಿದ್ದರೂ ತೆಗೆಯಲು ಸಿಗುವುದು ಇಷ್ಟೇ. ಮಾಲೀಕ ಹಾಕಬೇಕಾದದ್ದು ಆಗ 7.95 ಲಕ್ಷವಾಗುತ್ತದೆ.

ಹಳೆಯ ಬಾಕಿ ಈ ಲೆಕ್ಕವನ್ನು ಇನ್ನೂ ಕೆಡಿಸುತ್ತದೆ. 90 ದಿನ ದಾಟಿದ ಬಿಲ್ಲುಗಳನ್ನು ಬ್ಯಾಂಕುಗಳು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಒಬ್ಬ ಗಿರಾಕಿ 4 ಲಕ್ಷವನ್ನು ಅಷ್ಟು ದಿನ ತಡೆದರೆ ಡ್ರಾಯಿಂಗ್ ಪವರ್ 3 ಲಕ್ಷ ಇಳಿಯುತ್ತದೆ. ಆ ಹಣವನ್ನು ಮಾಲೀಕನೇ ಹೊಂದಿಸಬೇಕು, ಇಲ್ಲವೇ ಸಂಬಳದ ದಿನ ಚೆಕ್ಕು ವಾಪಸಾದೀತು. ಆದ್ದರಿಂದ ಯಾರ ಬಿಲ್ಲು ಎಷ್ಟು ದಿನದ್ದೆಂಬ ಪಟ್ಟಿ ಅರ್ಜಿಯ ಜೊತೆಗೇ ಇರಬೇಕು. ಬ್ಯಾಂಕು ಕೇಳುವ ಮೊದಲೇ ಅದನ್ನು ಕೊಡುವ ಘಟಕದ ಮಾತಿಗೆ ತೂಕ ಹೆಚ್ಚು.

ಅರ್ಜಿಯ ಉಳಿದ ಭಾಗ ಈ ಲೆಕ್ಕಕ್ಕೆ ಸಾಕ್ಷಿ ಒದಗಿಸಲು ಇರುವುದು. ಕಳೆದ ವರ್ಷ 1.2 ಕೋಟಿ ಇದ್ದ ವಹಿವಾಟು ಹೇಗೆ 1.44 ಕೋಟಿಯಾಗುತ್ತದೆಂಬುದಕ್ಕೆ ಖರೀದಿ ಆರ್ಡರುಗಳು ಬೇಕು. ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಪಾಸ್‌ಬುಕ್, ಆಡಿಟ್ ಆದ ಲೆಕ್ಕಪತ್ರ ಮೂರರಲ್ಲೂ ಮಾರಾಟದ ಮೊತ್ತ ಒಂದಕ್ಕೊಂದು ತಾಳೆಯಾಗಬೇಕು; ವ್ಯತ್ಯಾಸವಿದ್ದರೆ ಕಾರಣವನ್ನು ಬರೆದು ಲಗತ್ತಿಸಬೇಕು. ಮಾಲೀಕನ ಪಾಲು ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು: ವ್ಯವಹಾರದಲ್ಲೇ ಬಿಟ್ಟ ಲಾಭವೋ, ಮನೆಯವರು ಹಾಕಿದ ಹಣವೋ? ಉದ್ಯಮ್ ನೋಂದಣಿ ಪತ್ರವಿಲ್ಲದೆ ಸಣ್ಣ ಘಟಕಗಳಿಗಿರುವ ಸೌಲಭ್ಯ ಸಿಗುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಈ ಖಾತೆಯಿಂದ ಹೊಸ ಯಂತ್ರಕ್ಕೆ ಮುಂಗಡ ಕೊಡುವುದು. ಯಂತ್ರದ ಹಣ ಮರಳಲು ವರ್ಷಗಳು ಬೇಕು, ಕ್ಯಾಶ್ ಕ್ರೆಡಿಟ್ ಅಷ್ಟು ಕಾಯುವುದಿಲ್ಲ. ವ್ಯಾಪಾರ ಬೆಳೆಯುತ್ತಿದ್ದರೂ ಖಾತೆ ಸದಾ ಮಿತಿಯ ಅಂಚಿನಲ್ಲೇ ನಿಂತಿದ್ದರೆ ಹಣ ಹೀಗೆ ಬೇರೆಡೆ ಹೋಗಿದೆಯೇ, ಬಾಕಿ ಹಳತಾಗಿದೆಯೇ ಎಂದು ಮೊದಲು ನೋಡಬೇಕು. ಯಂತ್ರ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಅವಧಿ ಸಾಲದ ಅರ್ಜಿ ಹಾಕುವುದೇ ಸರಿ. ಈ ಘಟಕಕ್ಕೆ ಸದ್ಯ 24 ಲಕ್ಷದ ಕ್ಯಾಶ್ ಕ್ರೆಡಿಟ್ ಸಾಕು. ಅದಕ್ಕಿಂತ ಹೆಚ್ಚಿಗೆ ಕೇಳುವುದಾದರೆ ಯಾವ ತಿಂಗಳು, ಯಾವ ಆರ್ಡರಿಗೆ ಎಂಬುದನ್ನು ಅರ್ಜಿಯಲ್ಲೇ ಬರೆದಿರಬೇಕು.