ಬೆಲೆ ಮೇಲಕ್ಕೆ, ಆರ್‌ಎಸ್‌ಐ ಕೆಳಕ್ಕೆ

2020ರ ಡಿಸೆಂಬರ್ 16ರಂದು ಬಿಟ್‌ಕಾಯಿನ್ ಮೊದಲ ಸಲ 20,000 ಡಾಲರ್ ದಾಟಿತು. ಇಷ್ಟು ಏರಿದ್ದು ಇನ್ನು ಇಳಿಯಲೇಬೇಕು ಎಂದು ಆ ಬೆಲೆಗೆ ಶಾರ್ಟ್ ಮಾಡಿ ಪಟ್ಟು ಹಿಡಿದು ಕೂತವರು ಜನವರಿ 8ರ ಹೊತ್ತಿಗೆ ಹಾಕಿದಷ್ಟೂ ಮೊತ್ತ ಕಳೆದುಕೊಂಡಿದ್ದರು. ಬೆಲೆ 40,000 ದಾಟಿತ್ತು.

ಇಂಥ ಓಟದಲ್ಲಿ ಅನೇಕರನ್ನು ದಾರಿ ತಪ್ಪಿಸುವುದು ಆರ್‌ಎಸ್‌ಐ ಡೈವರ್ಜೆನ್ಸ್. ಬೆಲೆ ಹಿಂದಿನ ಶಿಖರಕ್ಕಿಂತ ಎತ್ತರದ ಶಿಖರ ಮುಟ್ಟುತ್ತದೆ, ಆರ್‌ಎಸ್‌ಐ ಮಾತ್ರ ಹಿಂದಿನದಕ್ಕಿಂತ ತಗ್ಗಿನಲ್ಲೇ ನಿಲ್ಲುತ್ತದೆ. ಕೊಳ್ಳುವವರ ಕಸುವು ಕುಂದುತ್ತಿದೆ ಎಂದು ಇದಕ್ಕೆ ಅರ್ಥ ಹೇಳುವುದು ವಾಡಿಕೆ.

ಅಮೆರಿಕದ ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಈ ಸೂಚಕ ಸಾಮಾನ್ಯವಾಗಿ ಕಳೆದ 14 ಕ್ಯಾಂಡಲ್‌ಗಳ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯೊಂದಿಗೆ ತೂಗಿ 0ರಿಂದ 100ರೊಳಗೆ ಒಂದು ಅಂಕಿ ಕೊಡುತ್ತದೆ. ಹಗಲೂ ರಾತ್ರಿ ನಡೆಯುವ ಬಿಟ್‌ಕಾಯಿನ್ ಪೇಟೆಯ ನಾಲ್ಕು ಗಂಟೆಯ ಚಾರ್ಟ್‌ನಲ್ಲಿ 14 ಕ್ಯಾಂಡಲ್ ಎಂದರೆ 56 ಗಂಟೆ. ಅಂದರೆ ಎರಡು ದಿನದ ಹಿಂದಿನ ಜಿಗಿತದ ಬಿಸಿ ಇವತ್ತು ಲೆಕ್ಕದಲ್ಲಿ ಆರತೊಡಗಿರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಮೊದಲ ಶಿಖರದಲ್ಲಿ ಸರಾಸರಿ ಏರಿಕೆ 400 ಡಾಲರ್, ಇಳಿಕೆ 100 ಡಾಲರ್ ಎಂದಿರಲಿ. ಆರ್‌ಎಸ್‌ಐ 80 ಆಗುತ್ತದೆ. ಎರಡನೆಯ ಶಿಖರದಲ್ಲಿ ಏರಿಕೆ 300ಕ್ಕೆ ತಗ್ಗಿ, ಇಳಿಕೆ 100ರಲ್ಲೇ ಉಳಿದರೆ ಆರ್‌ಎಸ್‌ಐ 75. ಚಾರ್ಟ್‌ನಲ್ಲಿ ಡೈವರ್ಜೆನ್ಸ್ ಎದ್ದು ಕಾಣುತ್ತದೆ. ಆದರೆ ಏರಿಕೆ ಈಗಲೂ ಇಳಿಕೆಯ ಮೂರು ಪಟ್ಟು! ಬಸ್ಸು ಎಂಬತ್ತರಿಂದ ಅರವತ್ತಕ್ಕೆ ಇಳಿದಿದೆ, ಹಿಂದಕ್ಕೆ ತಿರುಗಿಲ್ಲ.

ಬಲವಾದ ಟ್ರೆಂಡ್‌ನಲ್ಲಿ ಈ ಮೋಸ ಮತ್ತೆ ಮತ್ತೆ ಆಗುವುದಕ್ಕೂ ಕಾರಣ ಲೆಕ್ಕದಲ್ಲೇ ಇದೆ. ಮೊದಲ ಜಿಗಿತಕ್ಕೇ ಸೂಚಕ 90ರ ಹತ್ತಿರ ಹೋದರೆ, 100ರ ಗಡಿಯೊಳಗೆ ಅದಕ್ಕೆ ಉಳಿಯುವ ಜಾಗ ತೀರಾ ಕಡಿಮೆ. ಬೆಲೆಗೆ ಅಂಥ ಗಡಿ ಇಲ್ಲ. ನಂತರದ ನಿಧಾನದ ಏರಿಕೆಯ ಪ್ರತಿ ಹೊಸ ಶಿಖರವೂ ಡೈವರ್ಜೆನ್ಸ್‌ನಂತೆಯೇ ಕಾಣುತ್ತದೆ.

ಹಾಗಾಗಿ ಅನುಭವಿಗಳು ಡೈವರ್ಜೆನ್ಸ್ ಕಂಡ ಕೂಡಲೇ ಮಾರುವುದಿಲ್ಲ. ಎರಡು ಶಿಖರಗಳ ನಡುವಿನ ತಗ್ಗಿನ ಕೆಳಗೆ ಕ್ಯಾಂಡಲ್ ಮುಗಿಯುವವರೆಗೆ ಕಾಯುತ್ತಾರೆ. ಹಿನ್ನಡೆಯಲ್ಲೂ ಆರ್‌ಎಸ್‌ಐ 40ರ ಆಸುಪಾಸಿನಲ್ಲೇ ನಿಂತು ಮೇಲೇಳುತ್ತಿದ್ದರೆ ಟ್ರೆಂಡ್ ಇನ್ನೂ ಜೀವಂತ ಎಂದು ಓದುತ್ತಾರೆ. ಕಾದದ್ದಕ್ಕೆ ಇಳಿತದ ಮೊದಲ ಭಾಗ ಕೈತಪ್ಪುತ್ತದೆ.

ಕಾಯುವುದೂ ಪೂರ್ತಿ ರಕ್ಷೆಯಲ್ಲ. 2021ರ ಜನವರಿ 4ರಂದು ಬಿಟ್‌ಕಾಯಿನ್ ಕೆಲವೇ ಗಂಟೆಗಳಲ್ಲಿ ಸಾವಿರಾರು ಡಾಲರ್ ಕುಸಿದು 28,000ದ ಆಸುಪಾಸಿಗೆ ಬಂತು. ಸಣ್ಣ ಚಾರ್ಟ್ ನೋಡುತ್ತಿದ್ದವರಿಗೆ ಓಟ ಮುಗಿದಂತೆಯೇ ಕಂಡಿರಬೇಕು. ಆದರೆ ಅದೇ ದಿನದ ಕ್ಯಾಂಡಲ್ 30,000ದ ಮೇಲೆಯೇ ಮುಗಿಯಿತು. 40,000 ದಾಟಲು ಮತ್ತೆ ಬೇಕಾದದ್ದು ಮೂರೇ ದಿನ.