‘ಇದು ನೀನೇ ಬರೆದದ್ದಾ?’

ಗೆಳೆಯನ ಹತ್ತಿರ ಸಾಲ ಕೇಳುವಾಗ ಎಂಥವರಿಗೂ ಅಳುಕು. ಮಾತು ಒರಟಾದೀತೆಂದು ಈಗ ಅನೇಕರು ತಮ್ಮ ವಾಟ್ಸಾಪ್ ಮೆಸೇಜನ್ನು ಎಐಗೆ ಕೊಟ್ಟು ತಿದ್ದಿಸುತ್ತಾರೆ. ಮೊದಲು ಬರೆದದ್ದು ಹೀಗಿತ್ತು ಎಂದಿಟ್ಟುಕೊಳ್ಳಿ:

‘ಮಗಾ, ಅಪ್ಪಂಗೆ ಆಪರೇಷನ್ ಅಂತ ಹೇಳಿದ್ನಲ್ಲ, ನಾಳೆ ಅಡ್ವಾನ್ಸ್ ಕಟ್ಬೇಕಂತೆ. ಹತ್ತು ಸಾವಿರ ಇದ್ರೆ ಹಾಕ್ತೀಯಾ? ಒಂದನೇ ತಾರೀಕು ಸಂಬಳ ಬಂದ ತಕ್ಷಣ ವಾಪಸ್ ಕೊಡ್ತೀನಿ.’

ತಿದ್ದಿದ ಮೇಲೆ ಹೀಗಾಗುತ್ತದೆ:

‘ಆತ್ಮೀಯ ಸ್ನೇಹಿತರೇ, ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನನ್ನ ತಂದೆಯವರ ಶಸ್ತ್ರಚಿಕಿತ್ಸೆಗೆ ತುರ್ತಾಗಿ ₹10,000 ಅಗತ್ಯವಿದೆ. ದಯವಿಟ್ಟು ಸಹಕರಿಸಿ. ಶೀಘ್ರದಲ್ಲೇ ಹಿಂದಿರುಗಿಸುತ್ತೇನೆ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಗೆಳೆಯ ದುಡ್ಡು ಕಳಿಸುವುದಿಲ್ಲ, ಅಕೌಂಟ್ ಹ್ಯಾಕ್ ಆಗಿದೆ ಎಂದುಕೊಳ್ಳುತ್ತಾನೆ. ಅವನದು ತಪ್ಪಲ್ಲ. ಪರಿಚಿತರ ವಾಟ್ಸಾಪ್ ಕದ್ದು, ಆಸ್ಪತ್ರೆಯ ನೆಪ ಹೇಳಿ ದುಡ್ಡು ಕೇಳುವ ವಂಚಕರ ಮೆಸೇಜೂ ಹೀಗೇ ಇರುತ್ತದೆ: ಹೆಸರಿಲ್ಲದ ಸಂಬೋಧನೆ, ಅವಸರ, ಯಾರಿಗೆ ಕಳಿಸಿದರೂ ಒಪ್ಪುವ ಮಾತು.

ಕಳೆದುಹೋದದ್ದು ಏನೇನು ನೋಡಿ. ‘ಮಗಾ’ ಹೋಯಿತು, ‘ನೀನು’ ‘ತಾವು’ ಆಯಿತು. ಅದಕ್ಕಿಂತ ದೊಡ್ಡ ನಷ್ಟ ‘ಹೇಳಿದ್ನಲ್ಲ’ ಎಂಬ ಒಂದೇ ಪದ. ಆಪರೇಷನ್ ವಿಷಯ ಇಬ್ಬರಿಗೂ ಮೊದಲೇ ಗೊತ್ತು ಎಂಬುದಕ್ಕೆ ಇದ್ದ ಸಾಕ್ಷಿಯೇ ಅದು. ‘ಒಂದನೇ ತಾರೀಕು’ ಎಂಬ ಖಚಿತ ಮಾತು ‘ಶೀಘ್ರದಲ್ಲೇ’ ಆಗಿ ತೇಲಿಹೋಯಿತು. ಮೂಲದಲ್ಲಿ ಇಲ್ಲದ ‘ತುರ್ತಾಗಿ’ ಎಲ್ಲಿಂದಲೋ ಬಂದು ಕೂತಿತು.

ಹೀಗಾಗಲು ಕಾರಣವಿದೆ. ಎಐ ಕಲಿತಿರುವುದು ಬಹುಪಾಲು ಬರವಣಿಗೆಯ ಕನ್ನಡ. ನಾವು ಮೆಸೇಜಿನಲ್ಲಿ ಬಳಸುವುದು ಆಡುಮಾತು. ‘ಹಾಕ್ತೀಯಾ’ ಎಂಬುದು ಅದರ ಕಣ್ಣಿಗೆ ತಿದ್ದಬೇಕಾದ ತಪ್ಪಿನಂತೆ ಕಾಣಬಹುದು. ಮಂಗಳೂರಿನ ‘ಮಾರಾಯ’, ಧಾರವಾಡದ ‘ಏನಪಾ’ಕ್ಕೂ ಇದೇ ಗತಿಯಾಗಬಹುದು.

ಸಹಾಯ ಬೇಕೇ ಬೇಕೆಂದರೆ ಕೇಳುವ ರೀತಿ ಬದಲಿಸಿ. ‘ಚೆನ್ನಾಗಿ ಬರೆ’ ಎನ್ನಬೇಡಿ. ‘ಅಕ್ಷರ ತಪ್ಪು ಮಾತ್ರ ತಿದ್ದು, ಪದ ಬದಲಿಸಬೇಡ, ಹೊಸದು ಸೇರಿಸಬೇಡ, ಆಡುಮಾತು ಹಾಗೇ ಇರಲಿ’ ಎಂದು ಬಿಡಿಸಿ ಹೇಳಿ. ಬಂದದ್ದನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ: ಕರೆಯುವ ಹೆಸರು, ನೀನು-ನೀವು, ತಾರೀಕು, ಇಬ್ಬರಿಗೇ ಗೊತ್ತಿರುವ ಮಾತು ಉಳಿದಿವೆಯೇ? ಆಮೇಲೆ ಒಮ್ಮೆ ಜೋರಾಗಿ ಓದಿ. ಗೆಳೆಯನ ಎದುರು ನಿಂತು ಹೇಳಲಾಗದ ಸಾಲನ್ನು ತೆಗೆದುಹಾಕಿ. ಇಷ್ಟು ಮಾಡಿದರೂ ಎಐ ಕೆಲವೊಮ್ಮೆ ಹೇಳಿದ್ದನ್ನು ಮೀರುತ್ತದೆ. ಹಾಗಾಗಿ ದುಡ್ಡಿನ ವಿಷಯಕ್ಕೆ ಫೋನ್ ಮಾಡುವುದೇ ಮೇಲು.

ಇಂಥ ಮೆಸೇಜ್ ನಿಮಗೇ ಬಂದರೆ ಅಲ್ಲೇ ಉತ್ತರಿಸಬೇಡಿ, ಗೆಳೆಯನ ಹಳೆಯ ನಂಬರಿಗೆ ಮಾಮೂಲಿ ಫೋನ್ ಮಾಡಿ ದನಿ ಕೇಳಿ. ದುಡ್ಡು ಕಳಿಸಿದ ಮೇಲೆ ಮೋಸ ಎಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.