ಸೊನ್ನೆಗೆ ಯಾವ ಬಣ್ಣ?

ಅಂಕಿಅಂಶ ಕಲಿಯುವವರು ಐರಿಸ್ ಹೂವಿನ ಪಟ್ಟಿಯನ್ನು ಒಮ್ಮೆಯಾದರೂ ನೋಡಿರುತ್ತಾರೆ. ಎಡ್ಗರ್ ಆಂಡರ್ಸನ್ ಅಳೆದಿಟ್ಟ ಈ ಅಂಕಿಗಳನ್ನು ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಪ್ರಬಂಧದಲ್ಲಿ ಬಳಸಿಕೊಂಡರು. ಮೂರು ಪ್ರಭೇದ, ಒಂದೊಂದರಲ್ಲಿ 50 ಹೂವು. ಪ್ರತಿ ಹೂವಿನ ಎಸಳಿನ ಉದ್ದ ಮತ್ತು ಅಗಲ, ಅದರ ಹೊರಸುತ್ತಿನಲ್ಲಿರುವ ಪುಷ್ಪಪತ್ರದ ಉದ್ದ ಮತ್ತು ಅಗಲ, ಹೀಗೆ ನಾಲ್ಕು ಅಳತೆ.

ಒಂದು ಅಳತೆ ಹೆಚ್ಚಿದಾಗ ಇನ್ನೊಂದೂ ಹೆಚ್ಚುತ್ತದೆಯೇ, ಇಳಿಯುತ್ತದೆಯೇ ಎಂಬುದನ್ನು ಸಹಸಂಬಂಧದ ಸಂಖ್ಯೆ ಹೇಳುತ್ತದೆ. ಒಟ್ಟಿಗೆ ಏರಿದರೆ +1ರ ಕಡೆಗೆ, ಒಂದು ಏರಿ ಇನ್ನೊಂದು ಇಳಿದರೆ -1ರ ಕಡೆಗೆ. ನೇರ ಗೆರೆಯಂಥ ನಂಟೇ ಇಲ್ಲದಿದ್ದರೆ 0. ಈ ಸಂಖ್ಯೆಗಳ ಕೋಷ್ಟಕಕ್ಕೆ ಬಣ್ಣ ತುಂಬಿದರೆ ಅದೇ ಹೀಟ್‌ಮ್ಯಾಪ್. ನಾಲ್ಕು ಅಳತೆಗೆ 16 ಮನೆ. ಕರ್ಣದ ಮೇಲಿನ ನಾಲ್ಕು ಮನೆಗಳಲ್ಲಿ ಅಳತೆ ತನ್ನೊಂದಿಗೇ ಜೋಡಿಯಾಗಿರುವುದರಿಂದ ಅಲ್ಲಿ ಯಾವಾಗಲೂ 1. ಕರ್ಣದ ಮೇಲೆ ಇರುವುದೇ ಕೆಳಗೂ ಮರುಕಳಿಸುತ್ತದೆ. ಹಾಗಾಗಿ ಓದಬೇಕಾದವು ಆರೇ ಮನೆ.

ಎಸಳಿನ ಉದ್ದಕ್ಕೂ ಅಗಲಕ್ಕೂ 0.96. ಪುಷ್ಪಪತ್ರದ ಅಗಲಕ್ಕೂ ಎಸಳಿನ ಉದ್ದಕ್ಕೂ -0.43. ಪುಷ್ಪಪತ್ರದ ಉದ್ದಕ್ಕೂ ಅಗಲಕ್ಕೂ -0.12, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ.

ಇಲ್ಲಿ ಸೊನ್ನೆಯೇ ನಡುಮನೆ. ಅದರ ಎರಡೂ ಕಡೆ ಅರ್ಥ ಬೇರೆಯಾಗುವುದರಿಂದ ಬಣ್ಣವೂ ಬಿಳಿಯಿಂದ ಒಂದು ಕಡೆ ಕೆಂಪಿಗೆ, ಇನ್ನೊಂದು ಕಡೆ ನೀಲಿಗೆ ಸಾಗಬೇಕು. ಕೆಂಪು-ಹಸಿರು ಜೋಡಿಯನ್ನು ನಾನು ಬಳಸುವುದಿಲ್ಲ. ಆ ಎರಡನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳು ಬಹಳ ಇವೆ.

ಆದರೆ ಬಣ್ಣ ಸರಿಯಾಗಿ ಆರಿಸಿದವರೂ ಎಡವುವ ಜಾಗವೊಂದಿದೆ. ಮಿತಿ ಹೇಳದಿದ್ದರೆ ತಂತ್ರಾಂಶ ಕೋಷ್ಟಕದ ಕನಿಷ್ಠ, ಗರಿಷ್ಠಗಳನ್ನೇ ಎರಡು ತುದಿಯಾಗಿ ಹಿಡಿಯುತ್ತದೆ. ಐರಿಸ್‌ನಲ್ಲಿ ಅವು -0.43 ಮತ್ತು 1. ಇವೆರಡರ ನಡುಬಿಂದು 0.285, ಬಿಳಿ ಬಣ್ಣ ಅಲ್ಲಿಗೆ ಹೋಗಿ ಕೂರುತ್ತದೆ. ಆಗ ಸಾಧಾರಣವಾದ -0.43 ಕಡುನೀಲಿಯಾಗಿ, ಪೂರ್ಣ ವಿರುದ್ಧ ನಂಟಿನಂತೆ ಕಾಣುತ್ತದೆ. ಏನೂ ಅಲ್ಲದ -0.12 ಕೂಡ ಎದ್ದು ಕಾಣುವ ನೀಲಿ. ಪತ್ತೆಹಚ್ಚುವುದು ಸುಲಭ: ಪಕ್ಕದ ಬಣ್ಣದ ಪಟ್ಟಿಯಲ್ಲಿ ಬಿಳಿಯ ಎದುರು 0 ಇದೆಯೇ ನೋಡಿ. ಪೈಥಾನ್‌ನ ಸೀಬಾರ್ನ್‌ನಲ್ಲಿ ಎರಡೂ ತುದಿಗಳನ್ನು ನಾವೇ ಹೇಳಿದರೆ ಸಾಕು:

```python
sns.heatmap(r, cmap="RdBu_r", vmin=-1, vmax=1, annot=True)
```

`annot=True` ಮನೆಯೊಳಗೆ ಸಂಖ್ಯೆಯನ್ನೂ ಬರೆಯುತ್ತದೆ. ಈಗ -0.12ರ ಮನೆ ಬಹುತೇಕ ಬಿಳಿ.

ಹಾಗೆಂದು ಆ ಬಿಳಿ ಮನೆಯನ್ನು ದಾಟಿಹೋಗಬೇಡಿ. ಸೆಟೋಸಾ ಪ್ರಭೇದದ ಪುಷ್ಪಪತ್ರಗಳು ಉಳಿದೆರಡಕ್ಕಿಂತ ಗಿಡ್ಡ, ಆದರೆ ಅಗಲ. ಮೂರನ್ನೂ ಬೆರೆಸಿದಾಗ ಈ ವ್ಯತ್ಯಾಸವೇ ನಂಟನ್ನು ಮುಚ್ಚಿಬಿಡುತ್ತದೆ. ಪ್ರಭೇದಗಳನ್ನು ಬೇರ್ಪಡಿಸಿ, ಅದೇ -1ರಿಂದ +1ರ ಮಿತಿಯಲ್ಲಿ ಮೂರು ಚಿತ್ರ ಬಿಡಿಸಿ: ಸೆಟೋಸಾದಲ್ಲಿ 0.74, ವರ್ಸಿಕಲರ್‌ನಲ್ಲಿ 0.53, ವರ್ಜಿನಿಕಾದಲ್ಲಿ 0.46. ಬಿಳಿಯಾಗಿದ್ದ ಆ ಮನೆ ಮೂರರಲ್ಲೂ ಕೆಂಪಾಗುತ್ತದೆ.